ಮನೇಲಿ ಹಚ್ಚಿದ ಜೆಲ್ ಪಾಲಿಶ್ ರಿಮೂವರ್‌ಗೆ ಜಗ್ತಿಲ್ಲ, ಹೆಬ್ಬೆರಳಲ್ಲಿ ಸುಕ್ಕು. ಕಿಟ್ ಡೂಪ್ಲಿಕೇಟಾ?

ಹರಿಣಿ_ದಾವಣಗೆರೆ
ಎಲ್ಲರಿಗೂ ನಮಸ್ಕಾರ. ತಂಗಿ ಮದುವೆ ಹತ್ತಿರ ಬಂತು ಅಂತ ಆನ್‌ಲೈನಲ್ಲಿ ಜೆಲ್ ನೇಲ್ ಕಿಟ್ ತರಿಸಿದ್ವಿ. ಬೇಸ್ ಕೋಟ್, ಟಾಪ್ ಕೋಟ್, ಆರು ಬಣ್ಣ, ಜೊತೆಗೆ ಮೊಬೈಲ್ ಚಾರ್ಜರ್‌ಗೆ ಸಿಕ್ಕಿಸೋ ಪುಟ್ಟ ಮಡಚೋ ಯುವಿ ಲ್ಯಾಂಪು, 6 ವ್ಯಾಟ್ ಅಂತ ಬರೆದಿದೆ. ಮದುವೆಗೆ ಮೊದಲು ಒಂದ್ಸಲ ನೋಡೋಣ ಅಂತ ತಂಗಿಗೆ ಮರೂನ್ ಹಚ್ಚಿದ್ವಿ. ಲ್ಯಾಂಪಲ್ಲಿ 60 ಸೆಕೆಂಡ್ ಅಂತ ಹೇಳಿದ್ರು, ಹಾಗೇ ಮಾಡಿದ್ವಿ.

ಎರಡು ಹೆಬ್ಬೆರಳಲ್ಲೂ ಬಣ್ಣ ಸುಕ್ಕುಗಟ್ಟಿದೆ. ಕಿರುಬೆರಳಿಂದು ಮಾರನೇ ದಿನ ಪಾತ್ರೆ ತೊಳೆಯೋವಾಗ ಪೂರ್ತಿ ಎದ್ದು ಬಂತು, ಕೆಳಗೆ ಉಗುರು ಬೆಳ್ಳಗೆ ಮಚ್ಚೆ ಮಚ್ಚೆ ಕಾಣ್ತಿದೆ. ಉಳಿದವನ್ನ ತೆಗೆಯೋಣ ಅಂದ್ರೆ ಮನೇಲಿದ್ದ ರಿಮೂವರ್ ಒಂದು ಬಾಟಲಿ ಖಾಲಿ ಆಯ್ತು, ಹೊಳಪೂ ಹೋಗ್ಲಿಲ್ಲ. ಕಿಟ್ ಡೂಪ್ಲಿಕೇಟಾ? ಮದುವೆಗೆ ಮುಂಚೆ ಹೇಗಾದ್ರೂ ತೆಗೀಬೇಕು.

ಪದ್ಮಕ್ಕ_ಸಾಗರ
ಗೋರಂಟಿ ಅರೆದು ಹಚ್ಚಿದ್ರೆ ಈ ಯಾವ ತಾಪತ್ರಯವೂ ಇರ್ತಿರ್ಲಿಲ್ಲ ನೋಡವ್ವ.

ಅರುಣ್_ಬಸವನಗುಡಿ
ಡೂಪ್ಲಿಕೇಟ್ ಅಲ್ಲ, ಲ್ಯಾಂಪು ವೀಕ್. 6 ವ್ಯಾಟ್‌ಗೆ ಏನೂ ಒಣಗಲ್ಲ. ನನ್ನ ಹೆಂಡತಿ ಹತ್ರ 48 ವ್ಯಾಟಿಂದಿದೆ, ಅರ್ಧ ನಿಮಿಷಕ್ಕೆ ಕಲ್ಲಾಗತ್ತೆ. ವ್ಯಾಟ್ ಜಾಸ್ತಿ ಇದ್ದಷ್ಟೂ ಒಳ್ಳೇದು. ಅದು ಎಲ್‌ಇಡಿ ಬೇರೆ, ಯುವಿ ಅಲ್ಲವೇ ಅಲ್ಲ, ಚರ್ಮಕ್ಕೂ ಏನೂ ಆಗಲ್ಲ. ತೆಗೆಯೋಕೆ ಹಾರ್ಡ್‌ವೇರ್ ಅಂಗಡಿಯಿಂದ ಥಿನ್ನರ್ ತನ್ನಿ, ಕರಗಿ ಹೋಗತ್ತೆ.

ಸುಮಾ_ಮೈಸೂರು
ಥಿನ್ನರ್ ಬೇಡ, ದಯವಿಟ್ಟು ಬೇಡ. ಥಿನ್ನರ್ ಅನ್ನೋದು ಒಂದೇ ವಸ್ತು ಅಲ್ಲ, ಟಾಲ್ವೀನ್ ಅದೂ ಇದೂ ಸೇರಿಸಿದ ಮಿಶ್ರಣ. ಅದನ್ನ ಬೆರಳಿಗೆ ಸುತ್ತಿಕೊಂಡು ಕಾಲು ಗಂಟೆ ಕೂರೋ ವಸ್ತು ಅಲ್ಲ.

ನಾನು ಮೈಸೂರಲ್ಲಿ ಉಗುರಿನ ಕೆಲಸಾನೇ ಮಾಡ್ತೀನಿ. ಹರಿಣಿಯವರೇ, ನಿಮ್ಮ ರಿಮೂವರ್ ಬಾಟಲಿ ಮೇಲೆ ‘ಅಸಿಟೋನ್ ಇಲ್ಲ’ ಅಂತಿದ್ಯಾ ನೋಡಿ. ಅದು ಮಾಮೂಲಿ ಪಾಲಿಶ್‌ಗೆ ಸಾಕು. ಮಾಮೂಲಿ ಪಾಲಿಶ್ ಒಣಗೋದು ಅಂದ್ರೆ ಅದರೊಳಗಿನ ದ್ರಾವಕ ಹಾರಿಹೋಗೋದು, ಅಷ್ಟೇ. ನೈಟ್ರೋಸೆಲ್ಯುಲೋಸ್ ಅನ್ನೋ ಪೊರೆ ಉಗುರಿನ ಮೇಲೆ ಉಳಿಯತ್ತೆ. ಮತ್ತೆ ದ್ರಾವಕ ತಾಗಿಸಿದ್ರೆ ಮತ್ತೆ ಕರಗತ್ತೆ. ಹಾಗಾಗಿ ಒಂದು ಹತ್ತಿ ಉಂಡೆ ಸಾಕಾಗತ್ತೆ.

ಜೆಲ್‌ನಲ್ಲಿ ಏನೂ ಹಾರಿಹೋಗಲ್ಲ. ಬಾಟಲಿಯಲ್ಲಿ ಇರೋವಾಗ ಅಕ್ರಿಲೇಟ್ ಜಾತಿಯ ಸಣ್ಣ ಅಣುಗಳು. ಬೆಳಕು ಬಿದ್ದಾಗ ಅವು ಒಂದಕ್ಕೊಂದು ಅಡ್ಡಡ್ಡ ಕೊಂಡಿ ಹಾಕ್ಕೊಂಡು ಬಲೆ ಆಗ್ತವೆ. ಕತ್ತಲಲ್ಲಿ ಇಡೀ ರಾತ್ರಿ ಇಟ್ರೂ ಗಟ್ಟಿಯಾಗಲ್ಲ. ಗಟ್ಟಿಯಾದ ಮೇಲೆ ಅಸಿಟೋನ್‌ಗೂ ಅದು ಕರಗಲ್ಲ, ಉಬ್ಬಿ ಮೆತ್ತಗಾಗಿ ಉಗುರಿಂದ ಬಿಟ್ಕೊಳತ್ತೆ. ಅದಕ್ಕೇ ಉಜ್ಜಿದ್ರೆ ಪ್ರಯೋಜನ ಇಲ್ಲ, ನೆನೆಸಬೇಕು.

ಅರುಣ್_ಬಸವನಗುಡಿ
ಕರಗೋದು, ಉಬ್ಬೋದು ಎಲ್ಲಾ ಒಂದೇ ಅಲ್ವಾ ಮೇಡಂ? ಹೋದ್ರೆ ಆಯ್ತು.

ಸುಮಾ_ಮೈಸೂರು
ಒಂದೇ ಅಲ್ಲ ಸರ್. ಕರಗತ್ತೆ ಅಂದ್ಕೊಂಡವರು ಎರಡು ನಿಮಿಷ ಉಜ್ಜಿ, ಹೋಗ್ಲಿಲ್ಲ ಅಂತ ಬ್ಲೇಡ್ ತಗೋತಾರೆ. ಅಂಥ ಉಗುರು ನನ್ನ ಟೇಬಲ್ ಮುಂದೆ ವಾರವಾರ ಬರತ್ತೆ.

ಇನ್ನು ಲ್ಯಾಂಪ್ ವಿಷಯ. ಎಲ್‌ಇಡಿ ಅನ್ನೋದು ಬೆಳಕು ಹುಟ್ಟೋ ರೀತಿ, ಅಷ್ಟೇ. ಈ ಲ್ಯಾಂಪ್‌ಗಳಲ್ಲಿ ಬರೋದು ಸಾಮಾನ್ಯವಾಗಿ 365 ಮತ್ತು 405 ನ್ಯಾನೋಮೀಟರ್ ಸುತ್ತಮುತ್ತಲಿನ ಬೆಳಕು. ಅದು ಯುವಿ-ಎ ಮತ್ತು ಅದರ ಅಂಚಿನ ನೇರಳೆ. ಹಳೇ 36 ವ್ಯಾಟ್ ಲ್ಯಾಂಪ್‌ಗಳಲ್ಲಿ 9 ವ್ಯಾಟಿನ ನಾಲ್ಕು ಟ್ಯೂಬ್ ಇರ್ತಿತ್ತು, ಅದು ಟ್ಯೂಬ್‌ನಿಂದ, ಇದು ಎಲ್‌ಇಡಿಯಿಂದ. ಎರಡೂ ಯುವಿ ಕೊಡೋವೇ. ವ್ಯಾಟ್ ಅನ್ನೋದು ಎಷ್ಟು ಕರೆಂಟ್ ಎಳೆಯತ್ತೆ ಅಂತ ಹೇಳತ್ತೆ, ಉಗುರಿನ ಮೇಲೆ ಎಷ್ಟು ಬೆಳಕು ಬಿತ್ತು ಅಂತಲ್ಲ.

ಇಬ್ರಾಹಿಂ_ಬಳ್ಳಾರಿ
ನಮ್ಮನೆ ವಾಟರ್ ಫಿಲ್ಟರಲ್ಲೂ ಯುವಿ ಲ್ಯಾಂಪ್ ಇದೆ. ಫಿಲ್ಟರ್ ಹಾಳಾದಾಗ ಆ ಲ್ಯಾಂಪ್ ತೆಗೆದಿಟ್ಟಿದೀನಿ. ಉಗುರಿಗೆ ಆಗತ್ತಾ?

ಸುಮಾ_ಮೈಸೂರು
ಖಂಡಿತಾ ಬೇಡ ಸರ್. ಅದು ಕ್ರಿಮಿ ಕೊಲ್ಲೋ ಯುವಿ-ಸಿ, 254 ನ್ಯಾನೋಮೀಟರ್. ಕಣ್ಣು ಚರ್ಮ ಎರಡನ್ನೂ ಸುಡತ್ತೆ. ಹೊರಗೆ ತೆಗೆದು ಉರಿಸಲೇಬೇಡಿ.

ಹರಿಣಿ_ದಾವಣಗೆರೆ
ಹೌದು ಮೇಡಂ, ನನ್ನ ರಿಮೂವರ್ ಮೇಲೆ ಅಸಿಟೋನ್ ಇಲ್ಲ ಅಂತಾನೇ ಇದೆ. ಆದ್ರೆ ಸುಕ್ಕು ಯಾಕಾಯ್ತು? ಉಳಿದ ಬೆರಳು ಚೆನ್ನಾಗೇ ಇವೆ.

ಸುಮಾ_ಮೈಸೂರು
ಸುಕ್ಕಿಗೆ ಮೂರು ಕಾರಣ ಕೂಡಿಕೊಂಡಿರತ್ತೆ. ಮರೂನ್‌ನಂಥ ಗಾಢ ಬಣ್ಣ ಬೆಳಕನ್ನ ಮೇಲೇ ತಡೆದುಬಿಡತ್ತೆ. ಅದನ್ನ ದಪ್ಪ ಹಚ್ಚಿದ್ರೆ ಮೇಲ್ಭಾಗ ಮಾತ್ರ ಗಟ್ಟಿಯಾಗಿ ಕುಗ್ಗತ್ತೆ, ಕೆಳಗೆ ಇನ್ನೂ ದ್ರವ. ಕಾದ ಹಾಲಿನ ಮೇಲೆ ಕೆನೆ ಸುಕ್ಕಾಗೋ ಹಾಗೆ. ಮೂರನೇದು, ಕೈ ಬೋರಲಾಗಿ ಮೇಜಿನ ಮೇಲಿಟ್ಟಾಗ ಹೆಬ್ಬೆರಳಿನ ಉಗುರು ಪಕ್ಕಕ್ಕೆ ವಾಲಿರತ್ತೆ. ಬೆಳಕು ಮೇಲಿಂದ ಬರೋದ್ರಿಂದ ಒಂದು ಬದಿಗೆ ಸರಿಯಾಗಿ ತಾಗೋದೇ ಇಲ್ಲ. ಹೆಬ್ಬೆರಳೆರಡನ್ನೂ ಕೊನೆಗೆ ಬೇರೆಯಾಗಿ, ಉಗುರು ಮೇಲ್ಮುಖವಾಗಿ ಇಟ್ಟು ಗಟ್ಟಿ ಮಾಡಬೇಕು.

ಈಗ ಒಂದು ಪ್ರಶ್ನೆ. ಕಿರುಬೆರಳಿಂದ ಎದ್ದು ಬಂದ ತುಂಡು ಇದೆಯಾ? ಅದರ ಕೆಳಮೈ ಹೇಗಿದೆ? ಒಣಗಿ ನುಣ್ಣಗಿದ್ರೆ ಉಗುರಿನ ಮೇಲೆ ಎಣ್ಣೆಯೋ, ಬುಡದ ತೆಳು ಚರ್ಮವೋ ಉಳಿದು ಹಿಡಿದುಕೊಂಡಿಲ್ಲ ಅಂತರ್ಥ. ಅಂಟಂಟಾಗಿ, ಒತ್ತಿದ್ರೆ ಬಣ್ಣ ಹತ್ತೋ ಹಾಗಿದ್ರೆ ಒಳಗೆ ಬೆಂದೇ ಇಲ್ಲ. ಬರಿ ಬೆರಳಲ್ಲಿ ಮುಟ್ಟಬೇಡಿ, ಟಿಶ್ಯೂನಲ್ಲಿ ಹಿಡಿದು ನೋಡಿ.

ಹರಿಣಿ_ದಾವಣಗೆರೆ
ಇದೆ, ಕಸದ ಡಬ್ಬಿಯಿಂದ ಹುಡುಕಿದೆ 😅 ಕೆಳಗೆ ಅಂಟಂಟು. ಟಿಶ್ಯೂಗೆ ಕೆಂಪು ಹತ್ತಿತು. ಆದ್ರೆ ಎಲ್ಲಾ ಕೋಟ್ ಆದ ಮೇಲೂ ಅಂಟಂಟು ಇರತ್ತೆ, ಅದು ಸಹಜ ಅಂತ ವಿಡಿಯೋದಲ್ಲಿ ಹೇಳಿದ್ರಲ್ಲ?

ಸುಮಾ_ಮೈಸೂರು
ಅದು ಬೇರೆ. ಮೇಲ್ಮೈಗೆ ಗಾಳಿಯ ಆಮ್ಲಜನಕ ತಾಗಿ ಅಲ್ಲಿ ಕೊಂಡಿ ಪೂರ್ತಿ ಆಗಲ್ಲ, ತೆಳುವಾದ ಅಂಟು ಪದರ ಉಳಿಯತ್ತೆ. ಬೇಸ್ ಮೇಲೆ, ಬಣ್ಣದ ಮೇಲೆ ಅದು ಇರಬೇಕಾದ್ದೇ, ಮುಂದಿನ ಕೋಟ್ ಅದರ ಮೇಲೆ ಕೂರತ್ತೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ ತೆಗೀತೀವಿ. ಒರೆಸಬೇಕಾಗದ ಟಾಪ್ ಕೋಟ್‌ಗಳೂ ಇವೆ. ಮೇಲಿನ ಅಂಟು ಸಹಜ, ಅಡಿಯ ಅಂಟು ಸಹಜ ಅಲ್ಲ.

ಶಿಲ್ಪಾ_ಧಾರವಾಡ
ಅಕ್ಕಾರ, ಆ ಅಡಿಯ ಅಂಟಿನ ಬಗ್ಗೆ ನಾ ಒಂದು ಮಾತು ಹೇಳ್ತೀನ್ರಿ. ನನಗೂ ಹಿಂಗ ಮನ್ಯಾಗ ಹಚ್ಕೊಳ್ಳೋ ಹುಚ್ಚಿತ್ತು. ಮೊದಮೊದಲು ಏನೂ ಆಗ್ಲಿಲ್ರಿ. ಕೆಲವು ತಿಂಗಳ ಮ್ಯಾಲೆ ಉಗುರಿನ ಸುತ್ತ ಕಡಿತ ಚಾಲೂ ಆತು, ಸಣ್ಣ ಸಣ್ಣ ನೀರುಗುಳ್ಳಿ, ಆಮ್ಯಾಲೆ ಬೆರಳ ತುದಿ ಸಿಪ್ಪಿ ಸುಲೀಲಿಕ್ಕತ್ತು. ಅದಕ್ಕಿಂತ ಕೆಟ್ಟದ್ದು ಕಣ್ಣಿನ ರೆಪ್ಪಿ ಬಾತು ಕೆಂಪಾಗಿ ಕುಂತುಬಿಡ್ತು. ಕಾಡಿಗಿ ಬದಲಿ ಮಾಡ್ದೆ, ಸಾಬಣ ಬದಲಿ ಮಾಡ್ದೆ. ಚರ್ಮದ ಡಾಕ್ಟರು ಬೆನ್ನಿಗೆ ಪಟ್ಟಿ ಹಚ್ಚಿ ಟೆಸ್ಟ್ ಮಾಡಿದ ಮ್ಯಾಲೆ ಗೊತ್ತಾತು, ಜೆಲ್‌ನಾಗಿನ ಹೀಮಾ ಅಂಬೋದಕ್ಕ ಅಲರ್ಜಿ. ಬೆರಳ್ಲೆ ಕಣ್ಣು ಮುಟ್ಕೊಂಡಿದ್ದಕ್ಕ ರೆಪ್ಪಿ ಬಾತಿತ್ತು.

ಇದು ಒಮ್ಮೆ ಬಂದ್ರ ಹೋಗೋದಲ್ಲ ಅಂದ್ರು. ಹಲ್ಲಿಗೆ ತುಂಬೋ ಸಿಮೆಂಟಿನ್ಯಾಗೂ ಈ ಜಾತಿ ವಸ್ತು ಇರ್ತಾವಂತ, ದಂತ ವೈದ್ಯರಿಗೆ ಮೊದಲ ಹೇಳ್ರಿ ಅಂದಾರ.

ಅರುಣ್_ಬಸವನಗುಡಿ
ಹಾಗಾದ್ರೆ ‘ಹೀಮಾ ಇಲ್ಲ’ ಅಂತ ಬರೆದಿರೋದು ತಗೊಂಡ್ರೆ ಮುಗೀತಲ್ಲ.

ಸುಮಾ_ಮೈಸೂರು
ಅರ್ಧ ಮುಗೀತು. ಹೀಮಾ ಇಲ್ಲದ್ದರಲ್ಲೂ ಅದರ ಬಂಧುಗಳು ಇರ್ತವೆ, ಜೆಲ್ ಅಂದ್ಮೇಲೆ ಅಕ್ರಿಲೇಟೋ ಮೆಥಾಕ್ರಿಲೇಟೋ ಇರಲೇಬೇಕು. ಒಂದಕ್ಕೆ ಅಲರ್ಜಿ ಆದವರಿಗೆ ಇನ್ನೊಂದಕ್ಕೂ ಆಗೋದು ಇದೆ. ಪೂರ್ತಿ ಗಟ್ಟಿಯಾದ ಜೆಲ್ ಅಷ್ಟು ತೊಂದರೆ ಕೊಡಲ್ಲ, ತೊಂದರೆ ಇರೋದು ಹಸಿ ಜೆಲ್ ಚರ್ಮಕ್ಕೆ ತಾಗಿದಾಗ. ಅರೆಬೆಂದ ಕೋಟ್ ಅಂದ್ರೆ ಹಸಿ ಜೆಲ್‌ನ ದಿನಗಟ್ಟಲೆ ಉಗುರಿಗೆ ಕಟ್ಟಿಕೊಂಡಿದ್ದ ಹಾಗೆ. ಹಾಗಾಗಿ ಹರಿಣಿಯವರ ಪ್ರಶ್ನೆಯಲ್ಲಿ ನನಗೆ ಗಾಬರಿ ಆಗಿದ್ದು ರಿಮೂವರ್ ವಿಷಯ ಅಲ್ಲ, ಆ ಸುಕ್ಕು.

ಹಚ್ಚೋವಾಗ ಉಗುರಿನ ಬುಡದ ಚರ್ಮದಿಂದ ಕೂದಲೆಳೆ ಜಾಗ ಬಿಡಿ. ತಾಗಿದ್ರೆ ಲ್ಯಾಂಪಿಗೆ ಇಡೋ ಮೊದಲೇ ಒರೆಸಿ, ಸೋಪು ನೀರಲ್ಲಿ ತೊಳೀರಿ.

ವಿದ್ಯಾ_ಐಂಡ್‌ಹೋವನ್
ನೆದರ್‌ಲ್ಯಾಂಡ್ಸ್‌ನಿಂದ ಬರೀತಿದೀನಿ. ಇಲ್ಲಿ ಯುರೋಪಿಯನ್ ಯೂನಿಯನ್ 2020ರಲ್ಲೇ ನಿಯಮ ತಂದಿದೆ. ಹೀಮಾ ಇರೋ ಉಗುರಿನ ಉತ್ಪನ್ನ ವೃತ್ತಿಪರರ ಬಳಕೆಗೆ ಮಾತ್ರ, ಅಲರ್ಜಿ ಆಗಬಹುದು ಅಂತ ಡಬ್ಬಿ ಮೇಲೆ ಬರೀಲೇಬೇಕು. ಜೆಲ್ ಗಟ್ಟಿಯಾಗೋಕೆ ಹಾಕ್ತಿದ್ದ ಟಿಪಿಒ ಅನ್ನೋದನ್ನ 2025ರ ಸೆಪ್ಟೆಂಬರ್ 1ರಿಂದ ಪೂರ್ತಿ ನಿಷೇಧ ಮಾಡಿದ್ರು. ನನ್ನ ಹತ್ರ ಇದ್ದ ಎರಡು ಬಾಟಲಿಯನ್ನ ಅಂಗಡಿಯವರೇ ವಾಪಸ್ ತಗೊಂಡ್ರು.

ಅರುಣ್_ಬಸವನಗುಡಿ
ಯುರೋಪಿನವರು ಎಲ್ಲಕ್ಕೂ ಹೆದರ್ತಾರೆ ಬಿಡಿ.

ವಿದ್ಯಾ_ಐಂಡ್‌ಹೋವನ್
ಹೆದರಿಕೆ ಅಲ್ಲ ಸರ್, ಟಿಪಿಒ ಸಂತಾನಶಕ್ತಿಗೆ ತೊಂದರೆ ಮಾಡಬಹುದಾದ ವಸ್ತು ಅಂತ ವರ್ಗೀಕರಣ ಆಯ್ತು, ಆ ವರ್ಗಕ್ಕೆ ಬಿದ್ದದ್ದು ಇಲ್ಲಿ ಸೌಂದರ್ಯವರ್ಧಕದಲ್ಲಿ ತಾನಾಗೇ ನಿಷೇಧ. ಪ್ರಾಣಿಗಳ ಮೇಲಿನ ಪರೀಕ್ಷೆಯಿಂದ ಬಂದ ತೀರ್ಮಾನ. ಉಗುರಿಗೆ ಹಚ್ಚಿದ್ರೆ ಹಾಗೇ ಆಗತ್ತೆ ಅಂತ ಯಾರೂ ಹೇಳ್ತಿಲ್ಲ.

ಹರಿಣಿ_ದಾವಣಗೆರೆ
ತಂಗಿಗೆ ಕಡಿತ ಏನೂ ಇಲ್ಲ ಸದ್ಯ. ತೆಗೆಯೋ ಕ್ರಮ ಒಂದ್ಸಲ ಪೂರ್ತಿ ಹೇಳಿ ಮೇಡಂ. ಅಸಿಟೋನ್ ಎಲ್ಲಿ ಸಿಗತ್ತೆ?

ಸುಮಾ_ಮೈಸೂರು
ಕೆಮಿಕಲ್ ಅಂಗಡಿ, ಕೆಲವು ಮೆಡಿಕಲ್ ಶಾಪ್, ಬ್ಯೂಟಿ ಪಾರ್ಲರ್ ಸಾಮಾನಿನ ಅಂಗಡಿ. ಬರೀ ಅಸಿಟೋನ್ ಅಂತ ಕೇಳಿ. ನೀರು, ಎಣ್ಣೆ ಬೆರೆಸಿದ ರಿಮೂವರ್‌ನಲ್ಲೂ ಅಸಿಟೋನ್ ಇರಬಹುದು, ಆದ್ರೆ ತುಂಬಾ ನಿಧಾನ.

ನೆನೆಸೋ ಮುಂಚೆ ಟಾಪ್ ಕೋಟ್‌ನ ಹೊಳಪು ಕೆಡಿಸಬೇಕು, ಇದನ್ನ ಬಿಟ್ಟವರಿಗೇ ಒಂದು ಗಂಟೆಯಾದ್ರೂ ಜೆಲ್ ಬಿಡಲ್ಲ. 180 ಗ್ರಿಟ್‌ನ ಫೈಲ್‌ನಲ್ಲಿ ಮೇಲ್ಮೈ ಮಂಕಾಗೋವರೆಗೆ ಹಗುರವಾಗಿ ಉಜ್ಜಿ, ಬಣ್ಣ ತೆಳುವಾದ ತಕ್ಷಣ ನಿಲ್ಲಿಸಿ, ಉಗುರು ಮುಟ್ಟಬಾರದು. ಹೆಬ್ಬೆರಳಿನ ಸುಕ್ಕು ಜೆಲ್ ಮಾತ್ರ ಫೈಲ್ ಮಾಡಬೇಡಿ. ಹಸಿ ಜೆಲ್‌ನ ಪುಡಿ ಹಾರಿ ಮೈಮೇಲೆ ಬೀಳೋದು ಬೇಡ. ಅದು ಅಸಿಟೋನ್ ಹತ್ತಿಯಲ್ಲಿ ಬೇಗನೇ ಒರೆಸಿ ಬರತ್ತೆ. ಉಳಿದ ಬೆರಳಿನ ಪುಡಿಗೂ ಮಾಸ್ಕ್ ಹಾಕ್ಕೊಂಡು ಕಿಟಕಿ ಪಕ್ಕ ಕೂತ್ಕೊಳ್ಳಿ.

ಆಮೇಲೆ ಉಗುರಿನ ಸುತ್ತಲ ಚರ್ಮಕ್ಕೆ ವ್ಯಾಸಲೀನ್ ದಪ್ಪಗೆ ಹಚ್ಚಿ, ಉಗುರಿನ ಮೇಲೆ ಬೇಡ. ಹತ್ತಿಯನ್ನ ಉಗುರಿನಷ್ಟೇ ಅಳತೆಗೆ ಕತ್ತರಿಸಿ, ಅಸಿಟೋನ್‌ನಲ್ಲಿ ಅದ್ದಿ, ಉಗುರಿನ ಮೇಲಿಟ್ಟು ಚಪಾತಿ ಸುತ್ತೋ ಫಾಯಿಲ್ ತುಂಡಿಂದ ಬಿಗಿಯಾಗಿ ಸುತ್ತಿ. 10ರಿಂದ 15 ನಿಮಿಷ. ಒಂದು ಬೆರಳು ಬಿಚ್ಚಿ ನೋಡಿ. ಜೆಲ್ ಬಿರಿದು ಅಂಚು ಎದ್ದಿದ್ರೆ ಮರದ ಕಡ್ಡಿಯಿಂದ ಬುಡದಿಂದ ತುದಿ ಕಡೆಗೆ ಹಗುರವಾಗಿ ತಳ್ಳಿ. ತಡೆದ್ರೆ ಅಲ್ಲೇ ನಿಲ್ಲಿಸಿ, ಹೊಸ ಅಸಿಟೋನ್ ಹಾಕಿ ಇನ್ನೊಂದು 5 ನಿಮಿಷ ಸುತ್ತಿ. ಹತ್ತೂ ಬೆರಳು ಒಟ್ಟಿಗೆ ಬಿಚ್ಚಬೇಡಿ, ಗಾಳಿಗೆ ಅಸಿಟೋನ್ ಹಾರಿ ಜೆಲ್ ಮತ್ತೆ ಗಟ್ಟಿಯಾಗತ್ತೆ.

ಪದ್ಮಕ್ಕ_ಸಾಗರ
ಬಿಸಿನೀರಲ್ಲಿ ಬಟ್ಟಲಿಟ್ಟು ಅಸಿಟೋನ್ ಬೆಚ್ಚಗೆ ಮಾಡಿದ್ರೆ ಬೇಗ ಅಂತ ನಮ್ಮ ಸೊಸೆ ಹೇಳ್ತಾಳೆ. ಒಲೆ ಮೇಲೆ ಒಂದು ನಿಮಿಷ ಇಟ್ರೂ ಆಗತ್ತಲ್ಲ?

ಸುಮಾ_ಮೈಸೂರು
ಅಯ್ಯೋ ಅಮ್ಮಾ, ಒಲೆ ಹತ್ರನೂ ತರಬೇಡಿ! ಅಸಿಟೋನ್‌ನ ಆವಿ ಕೋಣೆಯ ಮಾಮೂಲಿ ತಾಪದಲ್ಲೇ ಒಂದು ಕಿಡಿಗೆ ಬೆಂಕಿ ಹಿಡಿಯತ್ತೆ, ಕಿಡಿ ತಾಗಿದ್ರೆ ಮೈನಸ್ 20 ಡಿಗ್ರಿಯಲ್ಲೂ ಹೊತ್ತಿಕೊಳ್ಳೋ ವಸ್ತು. ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ಹೋಗತ್ತೆ. ಮದುವೆ ಮನೇಲಿ ದೇವರ ದೀಪ ಉರೀತಿರತ್ತೆ, ಆ ಕೋಣೇಲೂ ಬೇಡ. ಬೆಚ್ಚಗೆ ಬೇಕು ಅಂದ್ರೆ ಫಾಯಿಲ್ ಸುತ್ತಿದ ಕೈಯನ್ನ ಟವೆಲ್‌ನಲ್ಲಿ ಸುತ್ತಿಟ್ಕೊಳ್ಳಿ, ಮೈ ಬಿಸಿಯೇ ಸಾಕು.

ಲೋಕೇಶ್_ಹಾಸನ
ಅಸಿಟೋನ್ ಥರ್ಮೋಕೋಲ್ ತಟ್ಟೆಗೆ ಹಾಕ್ಬೇಡಿ. ನಮ್ಮ ಅಕ್ಕ ಹಾಕಿದ್ರು, ತಟ್ಟೆಯೇ ಮಾಯ. ಟೇಬಲ್ ಪಾಲಿಶ್ ಹೋಗಿ ಅಪ್ಪನ ಕೈಲಿ ಬೈಗುಳ ಬೇರೆ.

ಹರಿಣಿ_ದಾವಣಗೆರೆ
ಹೋಯ್ತು!! ಎಂಟು ಬೆರಳು ಮೊದಲ ಸುತ್ತಲ್ಲೇ ಬಿಟ್ಟವು. ಉಂಗುರದ ಬೆರಳಿಗೆ ಇನ್ನೊಂದ್ಸಲ ಸುತ್ತಬೇಕಾಯ್ತು. ಆದ್ರೆ ಉಗುರು ಪೂರ್ತಿ ಸುಣ್ಣ ಬಳಿದ ಹಾಗೆ ಬೆಳ್ಳಗಿದೆ, ತಂಗಿ ಅಳ್ತಿದಾಳೆ.

ಸುಮಾ_ಮೈಸೂರು
ಅಸಿಟೋನ್ ಉಗುರಿನ ಎಣ್ಣೆ, ತೇವ ಎಳ್ಕೊಂಡಿರತ್ತೆ. ಕೈ ತೊಳೆದು ಎಣ್ಣೆ ಹಚ್ಚಿ, ಮೇಲ್ಮೈಯ ಬಿಳುಪು ಹೋಗತ್ತೆ. ಹೋಗದೆ ಉಳಿದ ಮಚ್ಚೆ ಇದ್ರೆ ಅಲ್ಲಿ ಜೆಲ್ ಜೊತೆ ಉಗುರಿನ ಪದರವೂ ಕಿತ್ತು ಬಂದಿದೆ. ಕಿರುಬೆರಳಲ್ಲಿ ಅದೇ ಆಗಿರೋದು. ಅದಕ್ಕೆ ಹಚ್ಚೋ ಮದ್ದಿಲ್ಲ, ಕಿತ್ತ ಪದರ ಮತ್ತೆ ಅಂಟಲ್ಲ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯತ್ತೆ, ಬುಡದಿಂದ ತುದಿ ಮುಟ್ಟೋಕೆ ಆರು ತಿಂಗಳಾಗಬಹುದು. ಚಿಕ್ಕದಾಗಿ ಕತ್ತರಿಸಿಟ್ಕೊಳ್ಳಿ.

ಪದ್ಮಕ್ಕ_ಸಾಗರ
ಕೊಬ್ಬರಿ ಎಣ್ಣೆ ಹಚ್ಚವ್ವ. ಅಳಬೇಡ ಅನ್ನು ಮದುಮಗಳಿಗೆ.

ಹರಿಣಿ_ದಾವಣಗೆರೆ
ಎಣ್ಣೆ ಹಚ್ಚಿದ ಮೇಲೆ ಪರವಾಗಿಲ್ಲ ಅಕ್ಕ, ಕಿರುಬೆರಳು ಬಿಟ್ಟು ಉಳಿದವು ಸರಿಯಾಗಿವೆ. ಮದುವೆಗೆ ಮಾಮೂಲಿ ಪಾಲಿಶ್ ಹಚ್ಚಲಾ, ಮತ್ತೆ ಜೆಲ್ ಹಚ್ಚಬಹುದಾ?

ಸುಮಾ_ಮೈಸೂರು
ಆ ಲ್ಯಾಂಪಿಂದ ಬೇಡ. ಮಾಮೂಲಿ ಪಾಲಿಶ್ ಹಚ್ಚಿ, ಮುಹೂರ್ತದ ಹಿಂದಿನ ದಿನ. ಮುಂದೆ ಯಾವಾಗಾದ್ರೂ ಜೆಲ್ ಹಚ್ಚೋದಾದ್ರೆ ಆ ಜೆಲ್ ಕಂಪನಿಯವರು ತಮ್ಮ ಜೆಲ್‌ಗೆ ಯಾವ ಲ್ಯಾಂಪ್, ಎಷ್ಟು ಸೆಕೆಂಡ್ ಅಂತ ಹೇಳ್ತಾರೋ ಅದನ್ನೇ ತಗೊಳ್ಳಿ. ಬಣ್ಣ ಒಂದು ಕಡೆಯದು, ಲ್ಯಾಂಪ್ ಇನ್ನೊಂದು ಕಡೆಯದು ಅಂದಾಗಲೇ ಸುಕ್ಕು ಜಾಸ್ತಿ.

ಅರುಣ್_ಬಸವನಗುಡಿ
ಅಂದ್ರೆ ನಾನು ಹೇಳಿದ್ದೇ ಸರಿ ಆಯ್ತಲ್ಲ, ಲ್ಯಾಂಪು ವೀಕ್.

ಸುಮಾ_ಮೈಸೂರು
ಲ್ಯಾಂಪು ವೀಕ್ ಅನ್ನೋದು ಸರಿ ಸರ್, ವ್ಯಾಟ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನೋದು ಅಲ್ಲ. ದಪ್ಪ ಕೋಟ್‌ನ ಜೋರು ಲ್ಯಾಂಪಿಗಿಟ್ರೆ ಒಮ್ಮೆಲೇ ಗಟ್ಟಿಯಾಗೋವಾಗ ಬಿಸಿ ಹುಟ್ಟತ್ತೆ, ಉಗುರಿನಡಿ ಚುರ್ ಅಂತ ಉರಿಯತ್ತೆ. ನಿಮ್ಮ ಮನೆಯವರನ್ನ ಕೇಳಿ ನೋಡಿ.

ಅರುಣ್_ಬಸವನಗುಡಿ
ಕೇಳಿದೆ. ಹೌದಂತೆ, ಕೈ ಹಿಂದೆಗೆದುಕೊಳ್ತಾಳಂತೆ. ನನಗೆ ಯಾವತ್ತೂ ಹೇಳಿರ್ಲಿಲ್ಲ.

ಸಿಸ್ಟರ್_ಉಡುಪಿ
ನಾನು ಆಸ್ಪತ್ರೆಯಲ್ಲಿ ನರ್ಸ್ ಮಾರಾಯ್ರೆ. ಆಪರೇಶನ್‌ಗೆ ಬರುವಾಗ ಹತ್ತೂ ಬೆರಳಿಗೆ ಗಾಢ ಬಣ್ಣದ ಜೆಲ್ ಹಚ್ಚಿಕೊಂಡು ಬರಬೇಡಿ. ಆಕ್ಸಿಜನ್ ನೋಡುವ ಕ್ಲಿಪ್ ಬೆಳಕು ಹಾಯಿಸಿ ಅಳೆಯುವುದು, ರೀಡಿಂಗ್ ಸರಿ ಬಾರದೇ ಇರಬಹುದು. ಮಾಮೂಲಿ ಪಾಲಿಶ್ ನಾವು ಅಲ್ಲೇ ತೆಗೀತೇವೆ, ಜೆಲ್ ತೆಗೆಯಲಿಕ್ಕೆ ಫಾಯಿಲ್ ಸುತ್ತಿ ಕೂರಲು ನಮಗೆ ಪುರುಸೊತ್ತು ಇಲ್ಲ.

ರಮ್ಯಾ_ತುಮಕೂರು
ಕ್ಯಾನ್ಸರ್ ವಿಷಯ ಯಾರೂ ಹೇಳ್ಲಿಲ್ಲ? ಈ ಲ್ಯಾಂಪಿಂದ ಕ್ಯಾನ್ಸರ್ ಬರತ್ತೆ ಅಂತ 2023ರಲ್ಲಿ ಅಮೆರಿಕದಲ್ಲಿ ಸಾಬೀತಾಗಿದೆ.

ವಿದ್ಯಾ_ಐಂಡ್‌ಹೋವನ್
ಸಾಬೀತಾಗಿಲ್ಲ. ಅದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋದವರ ಅಧ್ಯಯನ. ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳನ್ನ ಲ್ಯಾಂಪಿನಡಿ 20 ನಿಮಿಷ ಇಟ್ರು, 20ರಿಂದ 30 ಪರ್ಸೆಂಟ್ ಸತ್ತವು, ಉಳಿದವುಗಳ ಡಿಎನ್‌ಎಯಲ್ಲೂ ಹಾನಿ ಕಾಣಿಸ್ತು. ನಮ್ಮ ಕೈ ಒಂದು ಸಲಕ್ಕೆ ಕೆಲವೇ ನಿಮಿಷ ಇರತ್ತೆ, ಮೇಲೆ ಸತ್ತ ಚರ್ಮದ ಪದರ ಇರತ್ತೆ, ತಟ್ಟೆಯ ಕೋಶಕ್ಕೆ ಅದಿಲ್ಲ.

ರಮ್ಯಾ_ತುಮಕೂರು
ಡಿಎನ್‌ಎ ಹಾನಿ ಆಗತ್ತೆ ಅಂತ ನೀವೇ ಹೇಳಿದ್ರಲ್ಲ. ವರ್ಷಗಟ್ಟಲೆ ಎರಡು ವಾರಕ್ಕೊಮ್ಮೆ ಹಚ್ಚೋರಿಗೆ ನಿಮಿಷಗಳು ಸೇರಲ್ವಾ?

ವಿದ್ಯಾ_ಐಂಡ್‌ಹೋವನ್
ಸೇರಬಹುದು. ಅದಕ್ಕೇ ಅಮೆರಿಕದ ಚರ್ಮವೈದ್ಯರ ಸಂಘ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಮೊದಲೇ ಹಚ್ಕೊಳ್ಳಿ, ಇಲ್ಲಾ ಬೆರಳ ತುದಿ ಕತ್ತರಿಸಿದ ಕೈಗವಸು ಹಾಕ್ಕೊಳ್ಳಿ ಅನ್ನೋದು. ನಾನು ಹಾಕ್ಕೋತೀನಿ. ಆದ್ರೆ ‘ಸಾಬೀತು’ ಅನ್ನೋ ಮಾತು ಒಪ್ಪಲ್ಲ.

ರಮ್ಯಾ_ತುಮಕೂರು
ನಾನಂತೂ ಲ್ಯಾಂಪ್ ಮುಟ್ಟಲ್ಲ.

ಸುಮಾ_ಮೈಸೂರು
ಸನ್‌ಸ್ಕ್ರೀನ್ ಹಚ್ಚಿದ್ರೆ ಉಗುರಿನ ಮೇಲಿಂದ ಆಲ್ಕೊಹಾಲ್‌ನಲ್ಲಿ ಒರೆಸಿ, ಜಿಡ್ಡಿದ್ರೆ ಬೇಸ್ ಕೋಟ್ ಹಿಡಿಯಲ್ಲ. ಇನ್ನೊಂದು, ಮೊಡವೆಗೆ ಡಾಕ್ಸಿಸೈಕ್ಲಿನ್ ತಗೊಳ್ತಿರೋರು ಡಾಕ್ಟರನ್ನ ಕೇಳಿ. ಆ ಮಾತ್ರೆ ಜೊತೆ ಯುವಿ ಬಿದ್ರೆ ಉಗುರು ಅಡಿಯ ಚರ್ಮದಿಂದ ಬಿಟ್ಕೊಳ್ಳೋದು ಉಂಟು.

ಶಿಲ್ಪಾ_ಧಾರವಾಡ
ಒಂದು ಬ್ಯಾರೆ ಪ್ರಶ್ನೆ ರೀ. ನನ್ನ ಗೆಳತಿ ತಿಳಿ ಗುಲಾಬಿ ಜೆಲ್ ಹಚ್ಚಿದ್ಲು, ಅಡಗಿ ಮಾಡಿ ಮಾಡಿ ಅರಿಶಿನದ ಹಳದಿ ಆಗ್ಯಾವ. ಅದನ್ನೂ ಅಸಿಟೋನ್‌ಲೆ ತೆಗೀಬೇಕೇನು?

ಸುಮಾ_ಮೈಸೂರು
ಮೊದಲು ಆಲ್ಕೊಹಾಲ್ ಹತ್ತಿಯಲ್ಲಿ ಒರೆಸಿ ನೋಡ್ಲಿ, ಮೇಲಿನ ಕಲೆ ಹೋಗಬಹುದು. ಟಾಪ್ ಕೋಟ್ ಒಳಗೇ ಇಳಿದಿದ್ರೆ ಹೊಳಪು ಫೈಲ್ ಮಾಡಿ ಹೊಸ ಟಾಪ್ ಹಚ್ಚಬೇಕು. ಹಳದಿ ಅಲ್ಲ ಹಸಿರು ಕಂಡ್ರೆ ಮಾತ್ರ ಅರಿಶಿನ ಅನ್ಕೊಂಡು ಸುಮ್ನಿರಬೇಡಿ. ಎದ್ದ ಜೆಲ್ ಅಡಿ ನೀರು ನಿಂತು ಬ್ಯಾಕ್ಟೀರಿಯಾ ಬೆಳೆದಾಗ ಹಸಿರಾಗತ್ತೆ. ತಕ್ಷಣ ತೆಗೆದು ಡಾಕ್ಟರಿಗೆ ತೋರಿಸಬೇಕು, ಮೇಲೆ ಮತ್ತೆ ಬಣ್ಣ ಹಚ್ಚಿ ಮುಚ್ಚಬಾರದು.

ಲೋಕೇಶ್_ಹಾಸನ
ಅಕ್ಕನ ಕಿಟ್‌ನಲ್ಲಿ ಬಿಲ್ಡರ್ ಜೆಲ್ ಅಂತ ಒಂದು ಡಬ್ಬಿ ಇದೆ. ಅದಕ್ಕೂ ಇದೇ ಫಾಯಿಲ್ ಕ್ರಮನಾ?

ಸುಮಾ_ಮೈಸೂರು
ಡಬ್ಬಿ ಮೇಲೆ ನೆನೆಸಿ ತೆಗೆಯೋದು ಅಂತ ಇದ್ರೆ ಹೌದು. ಇಲ್ಲದಿದ್ರೆ ಅದು ಗಟ್ಟಿ ಜೆಲ್ ಆಗಿರಬಹುದು, ಅದರ ಬಲೆ ಎಷ್ಟು ಒತ್ತಾಗಿರತ್ತೆ ಅಂದ್ರೆ ಅಸಿಟೋನ್ ಒಳಗೇ ಇಳಿಯಲ್ಲ. ಅದನ್ನ ಫೈಲ್ ಮಾಡೇ ತೆಗೀಬೇಕು, ಕೈ ಪಳಗದವರು ಉಗುರಿಗೇ ಇಳಿಸಿಬಿಡ್ತಾರೆ. ಅಕ್ಕನಿಗೆ ಅದನ್ನ ಹಚ್ಚೋ ಮುಂಚೆ ಓದೋಕೆ ಹೇಳಿ.

ಲೋಕೇಶ್_ಹಾಸನ
ಹಚ್ಚಾಯ್ತು ಮೇಡಂ. ನಿನ್ನೆ.

ಸುಮಾ_ಮೈಸೂರು
ಡಬ್ಬಿಯ ಹಿಂಬದಿ ಫೋಟೋ ಹಾಕಿ.